ಕೇರಿಗೆ ಬಂದ ಕ್ಯಾರಿ

ರೋಹಿಣಿ ಮಳೆ ಕೂಡಿ ಮೂರು ದಿನವಾಗಿತ್ತು, ಹನಿ ಬಿದ್ದಿರಲಿಲ್ಲ. ನಾಲ್ಕನೆಯ ದಿನ ಇಳಿಹೊತ್ತಿಗೆ ಪಡುವಣದಲ್ಲಿ ಮೋಡ ಗಟ್ಟಿಯಾಯಿತು. ಗಾಳಿ ನಿಂತಿತು. ಹಿತ್ತಲ ಬೇವಿನ ಮರದಲ್ಲಿ ಗೊರವಂಕಗಳು ಒಮ್ಮೆಲೇ ಸುಮ್ಮನಾದವು. ನಾನು ಹಕ್ಕಿ ಪುಸ್ತಕ ತೆರೆದು ಗಂಟೆ ಬರೆದುಕೊಂಡೆ: 5.40. ನಾನು ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದೇನೆ. ರಜೆ ಸಿಕ್ಕಾಗ ಹಾನಗಲ್ಲಿನ ಹತ್ತಿರದ ಈ ಹಳ್ಳಿಗೆ ಬಂದು ಕೆರೆಯ ದಂಡೆಯಲ್ಲಿ ಕೂತು ಹಕ್ಕಿ ಎಣಿಸುವುದು ನನ್ನ ಹವ್ಯಾಸ. ತಂಗಿ ಬೆಂಗಳೂರಿನಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಾಳೆ. ಆ ಸಲ ಅವಳೂ ಜೊತೆಗೆ ಬಂದಿದ್ದಳು.

ಮೊದಲ ನಾಲ್ಕು ಹನಿ ಅಂಗಳದ ಮಣ್ಣಿಗೆ ಬಿದ್ದಾಗ ಅಮ್ಮ ಕಟ್ಟೆಯ ಮೇಲೆ ಕೂತು ಜೋಳ ಕೇರುತ್ತಿದ್ದಳು. ನಮ್ಮ ಮನೆಯಲ್ಲಿ ಹಡೆದವಳು ಅವ್ವ, ಅವ್ವನನ್ನು ಹಡೆದವಳು ಅಮ್ಮ. ಮೊರ ನಿಲ್ಲಿಸಿ ಆಕಾಶ ನೋಡಿ ಅಮ್ಮ ಅಂದಳು:

"ರೋಣಿ ಮಳಿ ಆದ್ರ ಓಣಿ ತುಂಬ ಜ್ವಾಳ."

ಈ ಗಾದೆಯನ್ನು ನಾವು ಹುಟ್ಟಿದಾಗಿನಿಂದ ಕೇಳಿದ್ದೇವೆ. ತಂಗಿ ಮಾತ್ರ ಆವತ್ತು ಬೆನ್ನು ನೆಟ್ಟಗೆ ಮಾಡಿ ಕೂತಳು.

"ಅಕ್ಕಾ, ಅಮ್ಮ ಈಗ ಮೂರು ‘ಓ’ ಅಂದ್ಲು ನೋಡು. ರೋಣಿ, ಓಣಿ, ಜೋಳ. ಅದರೊಳಗ ಒಂದೇ ಯಾಕ ಒಡೀತು?"

ನಾನೂ ಬಾಯೊಳಗೆ ಅಂದುನೋಡಿದೆ. ರೋಣಿ ರೋಣಿಯೇ ಆಗಿ ಉಳಿದಿದೆ, ಓಣಿ ಓಣಿಯೇ. ಜೋಳ ಮಾತ್ರ ಜ್ವಾಳ. ನಾವಿಬ್ಬರೂ ಜೋಳ ಅನ್ನುತ್ತೇವೆ. ಚಿಕ್ಕವಳಿದ್ದಾಗ ತಂಗಿಯೂ ಜ್ವಾಳ ಅನ್ನುತ್ತಿದ್ದವಳೇ. ಹಾಸ್ಟೆಲ್ಲಿಗೆ ಹೋದ ಮೊದಲ ವಾರ ಊಟದ ಸಾಲಿನಲ್ಲಿ ‘ಜ್ವಾಳದ ರೊಟ್ಟಿ’ ಅಂದದ್ದಕ್ಕೆ ಹುಡುಗಿಯರು ವರ್ಷವಿಡೀ ಅವಳನ್ನು ಆ ಹೆಸರಿನಿಂದಲೇ ಕರೆದರು. ಆಮೇಲೆ ಅವಳ ಬಾಯಲ್ಲಿ ಆ ಸದ್ದು ಬರಲಿಲ್ಲ. ಈಗ ಅವಳೇ ತರಗತಿಯಲ್ಲಿ ಮಕ್ಕಳನ್ನು ತಿದ್ದುತ್ತಾಳೆ: ‘ಬ್ಯಾಡ ಅಲ್ಲ ಪುಟ್ಟಾ, ಬೇಡ.’

ಹಕ್ಕಿ ಪುಸ್ತಕದ ಹಿಂಬದಿಯ ಹಾಳೆಯನ್ನು ಎರಡು ಸಾಲಾಗಿ ಗೀಟು ಹಾಕಿದೆವು. ಎಡಕ್ಕೆ ಒಡೆದವು, ಬಲಕ್ಕೆ ಒಡೆಯದವು. ಮುಂದೆ ಗಂಟೆ, ಜಾಗ, ಆಗ ಅಮ್ಮ ಏನು ಮಾಡುತ್ತಿದ್ದಳು ಎಂಬುದು. ಹಕ್ಕಿಗೆ ಹೇಗೆ ಬರೆಯುತ್ತೇನೋ ಹಾಗೆಯೇ.

ಮೊದಲ ದಿನವೇ ಒಂದು ತಪ್ಪು ಮಾಡಿದೆವು. ತಂಗಿ ಫೋನಿನ ರೆಕಾರ್ಡರ್ ಒತ್ತಿ ಅಮ್ಮನ ಮುಂದೆ ಇಟ್ಟು, "ಅಮ್ಮಾ, ಇದಕ್ಕ ಏನಂತಾರ?" ಎಂದು ಗೋಡೆ ತೋರಿಸಿದಳು. ಅಮ್ಮ ಸೆರಗು ಸರಿಮಾಡಿಕೊಂಡು, ಬಾನುಲಿಯಲ್ಲಿ ವಾರ್ತೆ ಓದುವವರ ಹಾಗೆ ‘ಗೋಡೆ’ ಅಂದಳು. ಐದು ನಿಮಿಷದ ಹಿಂದೆ ಇದೇ ಬಾಯಿ ‘ಗ್ವಾಡಿಗೆ ಹಲ್ಲಿ ಹತ್ತೈತಿ’ ಅಂದಿತ್ತು. ಕೆರೆಯ ದಂಡೆಯಲ್ಲಿ ಎದ್ದು ನಿಂತರೆ ನೀರುಕೋಳಿ ಜೊಂಡಿನೊಳಗೆ ಹೊಕ್ಕುಬಿಡುತ್ತದೆ. ಕೂತಲ್ಲೇ ಕೂತರೆ ಹತ್ತು ನಿಮಿಷಕ್ಕೆ ತಾನಾಗಿ ಹೊರಬರುತ್ತದೆ. ಅಮ್ಮನ ಮಾತಿಗೂ ಇದೇ ಪಾಠ. ಫೋನು ಒಳಗಿಟ್ಟೆವು, ಕೇಳುವುದನ್ನು ಬಿಟ್ಟೆವು. ಅವಳು ರೊಟ್ಟಿ ಬಡಿಯುವಾಗ, ಎಮ್ಮೆ ಹಿಂಡುವಾಗ, ಕೋಳಿ ಮುಚ್ಚುವಾಗ ಸುಮ್ಮನೆ ಹತ್ತಿರ ಇದ್ದೆವು.

ಎರಡೇ ದಿನದಲ್ಲಿ ಹಾಳೆ ತುಂಬಿತು. ಎಡಗಡೆ ಜ್ವಾಳ, ತ್ವಾಟ, ಗ್ವಾಡಿ, ತ್ವಾಳ, ಕ್ವಾಣ, ಹ್ವಾತ, ಬ್ಯಾಳಿ, ಪ್ಯಾಟಿ, ಬ್ಯಾಡ. ಬಲಗಡೆ ಕೋಳಿ, ಹೋರಿ, ಗೋಣಿ, ಬೇಲಿ, ಜೇನು, ಚೇಳು, ಬೇರು, ಬೇಕು. ಒಡೆಯುವುದು ದೀರ್ಘವಾದ ಏ ಮತ್ತು ಓ ಮಾತ್ರ. ಆ, ಈ, ಊ ತಮ್ಮ ಪಾಡಿಗೆ ಇರುತ್ತವೆ. ಏ ಇದ್ದದ್ದು ‘ಯಾ’ ಆಗುತ್ತದೆ, ಓ ಇದ್ದದ್ದು ‘ವಾ’ ಆಗುತ್ತದೆ. ಎಲ್ಲ ಏ ಓಗಳಿಗೂ ಹೀಗಾಗುವುದಿಲ್ಲ ಎಂಬುದೇ ಒಗಟು.

ಮೊದಲ ಊಹೆ ನನ್ನದು, ಪ್ರಾಣಿಗಳದ್ದು. ಕಾಡಿನವು ಒಡೆಯುತ್ತವೆ, ಸಾಕಿದವು ಒಡೆಯುವುದಿಲ್ಲ ಎಂದೆ. ತೋಳ ತ್ವಾಳವಾಗಿತ್ತು, ಕೋಳಿ ಹೋರಿ ಹಾಗೇ ಇದ್ದವು. ಕ್ವಾಣ, ಹ್ವಾತ ಎರಡೂ ಕೊಟ್ಟಿಗೆಯವು ಎಂದು ತಂಗಿ ನಕ್ಕಳು. ಅವಳ ಊಹೆ ಹಿಂದಿನ ಅಕ್ಷರದ್ದು. ಅದೂ ನಿಲ್ಲಲಿಲ್ಲ. ಕೋಳಿಗೂ ಕೋಣಕ್ಕೂ ಹಿಂದಿರುವುದು ಅದೇ ಕ್. ಹಾಗಾದರೆ ನೋಡಬೇಕಾದ್ದು ಮುಂದೆ.

ಮುಂದಿನ ಅಕ್ಷರದ ಸ್ವರ ನೋಡಿದಾಗ ಬಲಗಡೆಯ ಸಾಲು ಪೂರ್ತಿ ಒಂದೇ ಬಣ್ಣಕ್ಕೆ ಬಂತು. ಕೋಳಿ, ಹೋರಿ, ಬೇಲಿ: ಇ. ಜೇನು, ಚೇಳು, ಬೇರು, ಬೇಕು: ಉ. ಮುಂದೆ ಇ ಅಥವಾ ಉ ಇದ್ದರೆ ಏ ಓ ಗಟ್ಟಿಯಾಗಿ ನಿಲ್ಲುತ್ತವೆ. ಇ ಉ ಹೇಳಲು ನಾಲಿಗೆ ಮೇಲೆ ಹೋಗಬೇಕು. ಹಿಂದಿನ ಸ್ವರವೂ ಅದಕ್ಕೆ ಸಜ್ಜಾಗಿ ಮೇಲೆಯೇ ಉಳಿಯುತ್ತದೆ. ಮುಂದೆ ಅ ಇದ್ದರೆ ಬಾಯಿ ಅಗಲಿಸಲು ತಯಾರಾಗಿ ಮೊದಲೇ ಜಾರುತ್ತದೆ: ಜ್ವಾಳ, ತ್ವಾಳ, ಕ್ವಾಣ, ಬ್ಯಾಡ. ಬೇಕು ಯಾಕೆ ಬ್ಯಾಕು ಆಗಲಿಲ್ಲ, ಬೇಡ ಯಾಕೆ ಬ್ಯಾಡ ಆಯಿತು ಎಂಬುದಕ್ಕೆ ಇಷ್ಟೇ ಕಾರಣ. ದೇವರ ಮನೆಯಲ್ಲೂ ಇದೇ ಕಟ್ಟಳೆ. ಅಮ್ಮ ‘ದ್ಯಾವರು’ ಅನ್ನುತ್ತಾಳೆ, ಅದೇ ಉಸಿರಿನಲ್ಲಿ ‘ದೇವಿ’ ಅನ್ನುತ್ತಾಳೆ.

ಆದರೆ ಗ್ವಾಡಿ? ಬ್ಯಾಳಿ? ಪ್ಯಾಟಿ? ಇವುಗಳ ಮುಂದೆ ಇರುವುದು ಇ. ಕಟ್ಟಳೆಯ ಪ್ರಕಾರ ಗೋಣಿಯ ಹಾಗೆ ಇವೂ ಗಟ್ಟಿ ನಿಲ್ಲಬೇಕಿತ್ತು. ಆವತ್ತು ರಾತ್ರಿ ಕರೆಂಟ್ ಹೋಗಿತ್ತು. ಕಂದೀಲಿನ ಬೆಳಕಿನಲ್ಲಿ ತಂಗಿ ಆ ಮೂರರ ಪಕ್ಕದಲ್ಲಿ ತಾನು ಮಕ್ಕಳಿಗೆ ಕಲಿಸುವ ರೂಪ ಬರೆದಳು. ಗೋಡೆ, ಬೇಳೆ, ಪೇಟೆ. ಗೋಣಿಯ ಪಕ್ಕದಲ್ಲಿ ಗೋಣಿ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಮ್ಮ ಕಡೆ ಮನೆ ಮನಿ, ಕೆರೆ ಕೆರಿ, ಎಲೆ ಎಲಿ. ಕೊನೆಯ ಎ ಇ ಆಗುವುದು ನಮಗೆ ಗೊತ್ತೇ ಇತ್ತು. ಅದು ಯಾವಾಗ ಆಯಿತು ಎಂದು ಮಾತ್ರ ಯೋಚಿಸಿರಲಿಲ್ಲ. ಎ ಮೊದಲೇ ಇ ಆಗಿದ್ದರೆ ಗೋಡೆ ‘ಗೋಡಿ’ಯಾಗಿ, ಗೋಣಿಯ ಜೊತೆಗೆ ಒಡೆಯದೆ ನಿಂತಿರುತ್ತಿತ್ತು. ನಿಲ್ಲದೆ ಒಡೆದಿದೆ ಎಂದರೆ, ಒಡೆಯುವ ಹೊತ್ತಿಗೆ ಅಲ್ಲಿ ಇನ್ನೂ ಎ ಇತ್ತು. ಮೊದಲು ಗೋಡೆ ಗ್ವಾಡೆಯಾಯಿತು, ಆಮೇಲೆ ಗ್ವಾಡೆ ಗ್ವಾಡಿಯಾಯಿತು. ಕೆರೆಯ ಹೂಳು ತೆಗೆಯುವಾಗ ಕರಿಮಣ್ಣಿನ ಕೆಳಗೆ ಮರಳು ಸಿಕ್ಕರೆ ಯಾವುದು ಮೊದಲು ಬಂತು ಎಂದು ಯಾರೂ ಕೇಳುವುದಿಲ್ಲ. ಎರಡು ಅಕ್ಷರದ ಗ್ವಾಡಿಯಲ್ಲೂ ಎರಡು ಪದರ ಇವೆ. ಎಷ್ಟು ವರ್ಷ ಹಿಂದೆ ಎಂದು ಅದು ಹೇಳುವುದಿಲ್ಲ, ಯಾವುದರ ಮೇಲೆ ಯಾವುದು ಎಂದು ಮಾತ್ರ ಹೇಳುತ್ತದೆ.

ಇಲ್ಲಿ ಒಂದು ಮಾತು. ಅಮ್ಮ ಹಳೆಯ ಕನ್ನಡವನ್ನು ಹಾಗೇ ಉಳಿಸಿಕೊಂಡಿದ್ದಾಳೆ ಎಂದು ಹೇಳಬೇಕೆಂಬ ಆಸೆ ನನಗೂ ಆಯಿತು. ಅದು ಪೂರ್ತಿ ಸರಿಯಲ್ಲ. ಜೋಳವೇ ಹಳೆಯದು, ಜ್ವಾಳ ಈ ಸೀಮೆಯಲ್ಲಿ ಆಮೇಲೆ ಬೆಳೆದದ್ದು. ನಾವು ಬಿಟ್ಟದ್ದು ಹಳೆಯ ಸದ್ದನ್ನಲ್ಲ, ನಮ್ಮ ಸೀಮೆಯ ಸದ್ದನ್ನು. ಅವ್ವ ನಡುವೆ ನಿಂತಿದ್ದಾಳೆ. ಅಮ್ಮನ ಜೊತೆ ಮಾತಾಡುವಾಗ ಜ್ವಾಳ, ನಮಗೆ ಫೋನು ಮಾಡಿದಾಗ ಜೋಳ.

ಐದನೆಯ ದಿನದ ಹಾಳೆಯಲ್ಲಿ ಒಂದು ಸಾಲಿಗೆ ಕೆಂಪು ಗೆರೆ ಇದೆ. ಬೆಳಿಗ್ಗೆ 7.10, ಒಲೆಯ ಮುಂದೆ. ಅಮ್ಮ: "ಈ ಬ್ಯಾಸಗಿ ಮೈ ಸುಟ್ಟು ಹಾಕ್ತು." ಇದು ಕಟ್ಟಳೆಗೆ ಬಗ್ಗಲಿಲ್ಲ. ನಾವು ಬರೆಯುವುದು ಬೇಸಿಗೆ. ಬೇ ಮುಂದೆ ಸಿ. ಹೋಳಿಗೆಯಲ್ಲಿ ಹೋ ಮುಂದೆ ಳಿ ಇದೆ, ಅಮ್ಮ ಹೋಳಿಗಿ ಅನ್ನುತ್ತಾಳೆಯೇ ಹೊರತು ಹ್ವಾಳಿಗಿ ಅಲ್ಲ. ಹಾಗಿದ್ದರೆ ಬೇಸಿಗಿ ಎಂದೇ ಬರಬೇಕಿತ್ತು. ತಂಗಿ ‘ಅಮ್ಮ ತಪ್ಪಿ ಅಂದಿರಬೇಕು’ ಎಂದಳು. ಮರುದಿನ ಕಾದೆವು. ಅಮ್ಮ ಮತ್ತೆ ಎರಡು ಸಲ ಅಂದಳು, ಎರಡು ಸಲವೂ ಬ್ಯಾಸಗಿ. ಗೊತ್ತಿಲ್ಲದ ಹಕ್ಕಿ ಮೂರು ಸಲ ಒಂದೇ ಕೂಗು ಕೂಗಿದರೆ ತಪ್ಪು ಹಕ್ಕಿಯದಲ್ಲ.

ಹಾನಗಲ್ಲಿನಲ್ಲಿ ನಮಗೆ ಕನ್ನಡ ಕಲಿಸಿದ ಮಾಸ್ತರರ ಮನೆಯಲ್ಲಿ ಕಿಟೆಲ್ ನಿಘಂಟು ಇದೆ. ಮಂಗಳೂರಿನ ಬಾಸೆಲ್ ಮಿಶನ್ 1894ರಲ್ಲಿ ಅಚ್ಚು ಹಾಕಿದ್ದರ ಮರುಮುದ್ರಣ, ಎತ್ತಲು ಎರಡು ಕೈ ಬೇಕು. ಮಾಸ್ತರರು ನಮ್ಮ ಕೆಂಪು ಗೆರೆ ನೋಡಿ, ಪುಸ್ತಕ ತೆರೆಯುವುದಕ್ಕೂ ಮೊದಲೇ ನಕ್ಕರು. "ಬೇಸಿಗೆ ಅಂತ ಯಾರು ಹೇಳಿದ್ರು ನಿಮಗ? ಹಳೆ ಕಾವ್ಯದಾಗ ಅದು ಬೇಸಗೆ." ಸಿ ಅಲ್ಲ, ಸ. ಮುಂದೆ ಅ ಇದ್ದರೆ ಏ ಒಡೆಯಲೇಬೇಕು. ಬೇಸಗೆ, ಬ್ಯಾಸಗೆ, ಬ್ಯಾಸಗಿ. ತಪ್ಪಿದ್ದು ಅಮ್ಮನೂ ಅಲ್ಲ, ಕಟ್ಟಳೆಯೂ ಅಲ್ಲ. ನಾವು ಯಾವುದನ್ನು ಮೂಲ ಎಂದುಕೊಂಡಿದ್ದೆವೋ ಅದು ಮೂಲವಾಗಿರಲಿಲ್ಲ. ಜ್ವಾಳದ ವಿಷಯದಲ್ಲಿ ಹಳೆಯ ರೂಪ ನಮ್ಮ ಬಾಯಲ್ಲಿತ್ತು. ಬ್ಯಾಸಗಿಯ ವಿಷಯದಲ್ಲಿ ಹಳೆಯ ‘ಸ’ ಅಮ್ಮನ ಬಾಯಲ್ಲಿತ್ತು.

ಹೊರಡುವಾಗ ಮಾಸ್ತರರು ತಾರಕೇಶ್ವರ ಗುಡಿಯವರೆಗೆ ಜೊತೆಗೆ ಬಂದರು. ಶಾಸನಗಳಲ್ಲಿ ಈ ಊರಿನ ಹೆಸರು ಪಾನುಂಗಲ್. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ ಪಾನುಂಗಲ್ ಹಾನಗಲ್ಲಾಯಿತು. "ಆಗೂ ಯಾರೋ ಒಬ್ಬಾಕಿ ಮುದುಕಿ ‘ಪ’ ಅಂತಿದ್ದಳು, ಮೊಮ್ಮಕ್ಕಳು ನಗತಿದ್ದರು," ಎಂದರು ಮಾಸ್ತರರು.

ಹಕ್ಕಿ ಕಂಡವರು ಅದರ ಹರವನ್ನೂ ನೋಡಬೇಕು. ಮುಂದಿನ ವಾರ ಬಸ್ಸು ಹಿಡಿದು ಸುತ್ತಿದೆವು. ಸವಣೂರಿನಲ್ಲಿ ಎಲೆ ಮಾರುವ ಅಜ್ಜಿಯೊಬ್ಬಳ ಪಕ್ಕದಲ್ಲಿ ಮುಕ್ಕಾಲು ಗಂಟೆ ಕೂತೆವು. ಮನೆಮಂದಿಯ ಜೊತೆ ಉರ್ದು, ಗಿರಾಕಿಗಳ ಜೊತೆ ಕನ್ನಡ. ಅವಳ ಕನ್ನಡದಲ್ಲೂ ಜ್ವಾಳ, ಪ್ಯಾಟಿ, ಬ್ಯಾಡ, ಬೇಕು ಎಲ್ಲ ಅಮ್ಮನ ಲೆಕ್ಕದಲ್ಲೇ ಬಿದ್ದವು. ಕಟ್ಟಳೆಯನ್ನು ಯಾರೂ ಅವಳಿಗೆ ಕಲಿಸಿರಲಿಕ್ಕಿಲ್ಲ, ನಮ್ಮ ಅಮ್ಮನಿಗೂ ಯಾರೂ ಕಲಿಸಿಲ್ಲ. ಸವಣೂರಿಗೆ ಹೋದವರು ಮಠದ ಆವರಣದ ದೊಡ್ಡಹುಣಸೆ ಮರಗಳನ್ನು ನೋಡದೆ ಬರಬಾರದು. ಆಫ್ರಿಕದಿಂದ ಬಂದ ಬಾವೊಬಾಬ್ ಇಲ್ಲಿ ಹುಣಸೆಯ ಹೆಸರು ಹೊತ್ತು ನಿಂತಿದೆ. ಕಾಂಡದ ಸುತ್ತ ನಾವಿಬ್ಬರೂ ಕೈ ಚಾಚಿದರೂ ಸಾಲಲಿಲ್ಲ.

ಶಿಗ್ಗಾವಿ ತಾಲ್ಲೂಕಿನ ಬಂಕಾಪುರದಲ್ಲಿ ನಮ್ಮ ದೊಡ್ಡವ್ವನ ಮನೆ. ಅಲ್ಲಿಯ ಕೋಟೆಯೊಳಗೆ ನವಿಲುಧಾಮ ಇದೆ. ದೊಡ್ಡವ್ವ, "ಕ್ವಾಟ್ಯಾಗ ನವಲ ಒದರಾಕತ್ತಾವ, ಮಳಿ ಬರ್ತೈತಿ," ಎಂದಳು. ರಾತ್ರಿ ಊಟಕ್ಕೆ ಕೂತಾಗ ಹೊಲದ ದರದ ಮಾತು ಬಂತು. "ಎಕರೆಕ ಅರ್ಧ ಕೋಟಿ ಅಂತವಾ!" ಕ್ವಾಟಿ ಎಂದರೆ ಕೋಟೆ, ಕೋಟಿ ಎಂದರೆ ಕೋಟಿ. ಕೊನೆಗೆ ಎರಡೂ ‘ಟಿ’ ಎಂದೇ ಮುಗಿಯುತ್ತವೆ, ಆದರೂ ದೊಡ್ಡವ್ವನಿಗೆ ಒಂದರ ಬದಲು ಇನ್ನೊಂದು ಕೇಳಿಸುವ ಭಯವಿಲ್ಲ. ಹಿಂದೆ ಹೋದ ‘ಎ’ ತಾನು ಹೋಗುವ ಮುಂಚೆ ಮೊದಲ ಅಕ್ಷರದಲ್ಲಿ ಗುರುತು ಬಿಟ್ಟು ಹೋಗಿದೆ. ಕ್ರಿಯಾಪದದಲ್ಲೂ ಹೀಗೆಯೇ. ‘ಬೇಡತಾನ’ ಎಂದರೆ ಭಿಕ್ಷೆ ಬೇಡುತ್ತಾನೆ. ಅದರಲ್ಲಿ ನುಂಗಿಹೋದ ಉ ಏಯನ್ನು ಕಾಯುತ್ತಿದೆ. ‘ಬ್ಯಾಡ’ ಎಂದರೆ ಒಲ್ಲೆ.

ಹಿರೇಕೆರೂರು ತಾಲ್ಲೂಕು ಅಮ್ಮನ ತವರು. ಅಲ್ಲಿ ಹೊಲಗಳಲ್ಲಿ ಕಣ್ಣು ಹಾಯುವಷ್ಟು ದೂರ ಗೋವಿನಜೋಳಕ್ಕೆ ನೆಲ ಹದ ಮಾಡಿದ್ದರು. ಅಮ್ಮನ ತಮ್ಮ ‘ಗೋವಿನಜ್ವಾಳ’ ಅಂದ. ಒಂದೇ ಮಾತಿನಲ್ಲಿ ಎರಡು ಓ. ಮುಂದೆ ‘ವಿ’ ಇದ್ದದ್ದು ನಿಂತಿತು, ಮುಂದೆ ‘ಳ’ ಇದ್ದದ್ದು ಒಡೆಯಿತು. ಅವನ ಮೊಮ್ಮಗ ಬೀಜದ ಪಾಕೀಟು ಹಿಡಿದು ‘ಮೆಕ್ಕೆಜೋಳ’ ಎಂದು ಓದಿದ. ಅಲ್ಲೇ ಅಮ್ಮ ಹುಟ್ಟಿದ ಮನೆಯ ಮುಂದೆ ನೆಲ ಒಂದು ಕಡೆ ತುಸು ಕುಸಿದಿದೆ. ಅದು ಹಗೇವು, ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದ ನೆಲದಡಿಯ ಕಣಜ. ಮೊಮ್ಮಗನಿಗೆ ಆ ಪದ ಗೊತ್ತಿಲ್ಲ, ಗೊತ್ತಿರಬೇಕಾದ ಕಾರಣವೂ ಇಲ್ಲ.

ಕಟ್ಟಳೆಗೆ ಅಂಚೂ ಇದೆ. ಮೊನ್ನೆ ಮೊನ್ನೆ ಬಂದ ಪದಗಳನ್ನು ಅಮ್ಮ ಬಂದ ಹಾಗೆಯೇ ಇಟ್ಟುಕೊಂಡಿದ್ದಾಳೆ. ಇನ್ನು ಕೆಲವು ಒಡೆದ ಮೇಲೆ ಮತ್ತೂ ಸವೆದಿವೆ. ಮೋರೆ ಮ್ವಾರಿಯಾಗಿ ನಿಲ್ಲದೆ ‘ಮಾರಿ’ ಆಗಿದೆ. ‘ಮಾರಿ ತೊಳಕೊಂಡು ಬಾ’ ಅಂದರೆ ಅಮ್ಮನ ಲೆಕ್ಕದಲ್ಲಿ ಮುಖ ತೊಳೆ ಎಂದು. ತಂಗಿಯ ಬೆಂಗಳೂರಿನ ಗೆಳತಿಯೊಬ್ಬಳು ಇದನ್ನು ಕೇಳಿ ಊರ ದೇವತೆಯನ್ನು ತೊಳೆಯಬೇಕೇನೋ ಎಂದುಕೊಂಡಿದ್ದಳಂತೆ.

ಊರಿಗೆ ಮರಳಿದ ಮೇಲೆ ತಂಗಿ ಒಂದು ಪಂದ್ಯ ಕಟ್ಟಿದಳು. ಕಟ್ಟಳೆ ನಿಜವಾಗಿದ್ದರೆ ಅಮ್ಮನ ಬಾಯಿಂದ ನಾವು ಇನ್ನೂ ಕೇಳದ ಪದದ ರೂಪವನ್ನು ಮೊದಲೇ ಹೇಳಲು ಬರಬೇಕು. ಬಹಳ ಯೋಚಿಸಿ ಅವಳು ಆರಿಸಿದ್ದು ಕೇರೆ ಹಾವು. ಹಾಳೆಯಲ್ಲಿ ದಿನಾಂಕ ಹಾಕಿ ‘ಕ್ಯಾರಿ’ ಎಂದು ಬರೆದು ಪಕ್ಕದಲ್ಲಿ ಖಾಲಿ ಬಿಟ್ಟಳು. ಓಣಿಗೆ ನಾವು ಕೇರಿ ಎಂದೂ ಅನ್ನುತ್ತೇವೆ, ಅದು ಕೇರಿಯೇ ಆಗಿ ಉಳಿಯಬೇಕು. ಹಾವು ಮಾತ್ರ ಕ್ಯಾರಿ ಆಗಬೇಕು. ಕೇಳುವ ಹಾಗಿಲ್ಲ, ಕೇಳಿದರೆ ಅಮ್ಮ ವಾರ್ತೆ ಓದುತ್ತಾಳೆ. ಹಾವೇ ಬರಬೇಕು.

ಮೊದಲ ದಿನ ಬರಲಿಲ್ಲ. ಎರಡನೆಯ ದಿನ ಹಿತ್ತಲಲ್ಲಿ ಮುಂಗುಸಿ ಕಂಡಿತು, ಅಮ್ಮ ‘ಮುಂಗಲಿ’ ಅಂದಳು. ಅದು ನಮಗೆ ಉಪಯೋಗವಿಲ್ಲ. ಮೂರನೆಯ ದಿನ ಮಳೆ. ನಾಲ್ಕನೆಯ ದಿನವೂ ಮಳೆ, ಹುಲ್ಲಿನ ಬಣವೆಯ ಬುಡ ತೊಯ್ದು ಇಲಿಗಳು ಬಿಲ ಬದಲಿಸತೊಡಗಿದವು. ಐದನೆಯ ದಿನ ಮಧ್ಯಾಹ್ನ 3.25ಕ್ಕೆ, ನಾವಿಬ್ಬರೂ ಹಾವನ್ನು ಮರೆತು ಮಾವಿನಕಾಯಿ ಹೆಚ್ಚುತ್ತಿದ್ದಾಗ, ಓಣಿಯಲ್ಲಿ ಹುಡುಗರ ಗದ್ದಲ. ಹಳದಿ ಮಿಶ್ರಿತ ಕಂದು ಬಣ್ಣ, ಆಳೆತ್ತರಕ್ಕಿಂತ ಉದ್ದ, ಬಾಲದ ಕಡೆಗೆ ಕರಿ ಗೆರೆ. ಬಣವೆಯಿಂದ ಹೊರಬಿದ್ದು ಗಟಾರದ ಅಂಚಿಗೆ ಹರಿಯುತ್ತಿತ್ತು. ಇಬ್ಬರು ಹುಡುಗರು ಕೋಲು ಎತ್ತಿದ್ದರು. ಅಮ್ಮ ಕಟ್ಟೆಯಿಂದ ಧಡಕ್ಕನೆ ಎದ್ದಳು, ಈ ವಯಸ್ಸಿನಲ್ಲಿ ಅವಳು ಹಾಗೆ ಏಳುತ್ತಾಳೆಂದು ನಮಗೆ ಗೊತ್ತಿರಲಿಲ್ಲ.

"ಏ, ಹೊಡಿಬ್ಯಾಡ್ರೋ! ಕ್ಯಾರಿ ಹಾವು ಅದು! ಇಲಿ ಹಿಡ್ಯಾಕ ಕೇರ್ಯಾಗ ಬಂದೈತಿ, ಅದರ ಪಾಡಿಗೆ ಬಿಡ್ರಿ!"

ಹಾವು ಕಲ್ಲಿನ ಸಂದಿಯಲ್ಲಿ ಹೊಕ್ಕಿತು. ಬಾಲ ಕೊನೆಗೆ ಮಾಯವಾಯಿತು. ತಂಗಿ ಕೈಯಲ್ಲಿದ್ದ ಚಾಕು ಕೆಳಗಿಡದೆ ನನ್ನ ತೋಳು ಹಿಡಿದಿದ್ದಳು. ಕೂಗಿನಲ್ಲಿ ಮೂರೂ ಇದ್ದವು: ಬ್ಯಾಡ, ಕ್ಯಾರಿ, ಕೇರಿ. ಕೂಗುವಾಗ ಯಾರೂ ವಾರ್ತೆ ಓದುವುದಿಲ್ಲ.

ಸಂಜೆ ಅಮ್ಮನಿಗೆ ಎಲ್ಲ ಹೇಳಿದೆವು. ಪುಸ್ತಕ ತೋರಿಸಿದೆವು, ಅವಳ ಮಾತುಗಳನ್ನು ಓದಿ ಹೇಳಿದೆವು. ಅಮ್ಮನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. "ಇಷ್ಟ ದಿನಾ ನನ್ನ ಮಾತು ಕದ್ದು ಕೇಳೀರೇನ್ ಹಂಗಾರ?" ಸ್ವಲ್ಪ ಹೊತ್ತು ಅಡಿಕೆ ಕತ್ತರಿಸುತ್ತ ಕೂತು, ಎಲೆಗೆ ಸುಣ್ಣ ಹಚ್ಚಿ, ಪುಸ್ತಕದ ಕಡೆ ಗಲ್ಲ ತೋರಿಸಿದಳು. "ನಾ ಅಂದದ್ದಷ್ಟ ಯಾಕ ಬರಕೊಂಡೀರಿ? ನಿಮ್ಮದು ಯಾಕ ಬರಕೊಂಡಿಲ್ಲ?"

ತಂಗಿ ಉತ್ತರ ಕೊಡಲು ಬಾಯಿ ತೆರೆದವಳು ಹಾಗೇ ನಿಂತಳು. ಪೆನ್ನು ತೆಗೆದುಕೊಂಡು ಎಡಗಡೆಯ ಸಾಲಿನ ಕೊನೆಗೆ ‘ಯಾಕ’ ಎಂದು ಬರೆದಳು, ಪಕ್ಕದಲ್ಲಿ ‘ಏಕೆ’. ಹೇಳಿದವರು ಎಂಬಲ್ಲಿ ‘ಅಮ್ಮ’ ಎಂದು ಬರೆದಳು. ಆಮೇಲೆ ಹಾಳೆಗಳನ್ನು ಹಿಂದಕ್ಕೆ ತಿರುವುತ್ತ ಮೊದಲ ದಿನದ 5.40ರವರೆಗೆ ಹೋದಳು. ಮಳೆಹನಿಯ ಕಲೆ ಇನ್ನೂ ಅಲ್ಲಿತ್ತು. ಅದರ ಕೆಳಗೆ ನಾನು ಅವಳ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಬರೆದುಕೊಂಡಿದ್ದೆ. ಅದನ್ನು ಓದಿ, ಮತ್ತೆ ಕೊನೆಯ ಹಾಳೆಗೆ ಬಂದು, ‘ಅಮ್ಮ’ನ ಮೇಲಿನ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ‘ನಾನು’ ಎಂದು ಸೇರಿಸಿದಳು.